ಮೂರು ಬಾಟಲಿ, ಒಂದು ನೀಲಿ ಕಾಗದ

ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಊರು ಗುಬ್ಬಿ, ಮನೆ ಉಪ್ಪಾರಹಳ್ಳಿ. ಆ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದಾಗ ಅಟೆಂಡರ್ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಹಿಂದಿನ ದಿನವೆಲ್ಲಾ ಕರೆಂಟ್ ಇರಲಿಲ್ಲ. ಫ್ರಿಜ್‌ನ ಐಸ್ ಕರಗಿ ನೀರು ಹರಿದು, ಬಾಟಲಿಗಳೆಲ್ಲಾ ಒದ್ದೆಯಾಗಿದ್ದವು. ಅವರು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿದ್ದರು. ಒರೆಸುವಾಗ ಮೂರು ಬಾಟಲಿಗಳ ಲೇಬಲ್ಲಿನ ಇಂಕಿನ ಅಕ್ಷರವೂ ಹೋಗಿತ್ತು.

ಒಳಗಿದ್ದದ್ದು ಪಿರೋಲ್, ಫ್ಯುರಾನ್, ಪಿರಿಡಿನ್ ಎಂಬ ಮೂರು ದ್ರವ, ಮೂರರ ಅಣುವೂ ಉಂಗುರದ ಆಕಾರದ್ದು. ಮೂರನ್ನೂ ಆ ವಾರವೇ ಹೊಸದಾಗಿ ಡಿಸ್ಟಿಲ್ ಮಾಡಿದ್ದೆವು, ಮೂರೂ ನೀರಿನಂತೆ ಬಣ್ಣವಿಲ್ಲದೆ ಕೂತಿದ್ದವು. ಪಿರಿಡಿನ್‌ನ ಕೆಟ್ಟ ವಾಸನೆ ನನ್ನ ಮೂಗಿಗೆ ಗೊತ್ತು. ಆದರೆ ಮೂಗನ್ನು ನಂಬಿ ಲೇಬಲ್ ಬರೆಯುವಂತಿಲ್ಲ. ಹತ್ತು ಗಂಟೆಗೆ ಎಂ.ಎಸ್ಸಿ. ಮಕ್ಕಳು ಬರುವವರಿದ್ದರು. ಕಂಡುಹಿಡಿಯುವ ಕೆಲಸ ಅವರಿಗೇ ಬಿಡೋಣ ಎಂದುಕೊಂಡೆ. ನೀವು ಬೇಜಾರು ಮಾಡ್ಕೋಬೇಡಿ, ಇವತ್ತಿನ ಪ್ರಾಕ್ಟಿಕಲ್ ಇದೇ ಎಂದು ಅಟೆಂಡರ್‌ಗೆ ಹೇಳಿದೆ.

ಆ ಮಕ್ಕಳಲ್ಲಿ ಕುಣಿಗಲ್ ಕಡೆಯ ಒಬ್ಬ ಹುಡುಗಿ ಇದ್ದಳು. ಓದುವವಳು, ಆದರೆ ವಾದ ಬಿಡದವಳು. ಇಂಟರ್ನಲ್ ಟೆಸ್ಟಿನಲ್ಲಿ ಪಿರೋಲ್‌ಗೂ ನೈಟ್ರೋಜನ್ ಇದೆ, ಆದ್ದರಿಂದ ಪಿರಿಡಿನ್‌ನಂತೆ ಅದೂ ಬೇಸ್, ಅಂದರೆ ಪ್ರತ್ಯಾಮ್ಲ, ಎಂದು ಬರೆದಿದ್ದಳು. ನಾನು ಅಂಕ ಕಳೆದಿದ್ದೆ. ಪಿರೋಲ್ ಬೇಸ್ ಅಲ್ಲ ಎಂದು ಪುಸ್ತಕದಲ್ಲಿದೆ ಎಂದಾಗ, ಯಾಕೆ ಅಂತ ನೀವು ತೋರಿಸಲಿಲ್ಲ ಅಂದಿದ್ದಳು. ಅದು ನಿಜವೇ ಆಗಿತ್ತು. ನಾನೂ ಹಿಂದೆ ಅದನ್ನು ಉರು ಹೊಡೆದೇ ಪಾಸಾದವಳು.

ಅವಳ ಕೈಗೇ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಕೊಟ್ಟೆ, ಬೇಸ್‌ನ ಆವಿ ತಗುಲಿದರೆ ಅದು ನೀಲಿಯಾಗುತ್ತದೆ. ನೈಟ್ರೋಜನ್ ಇರೋ ಎರಡು ಬಾಟಲಿ ನೀಲಿ ಮಾಡ್ತವೆ ಎಂದು ಮೊದಲೇ ಹೇಳಿ ಶುರುಮಾಡಿದಳು. ಒಂದೇ ಒಂದು ಬಾಟಲಿಯ ಬಾಯಿಗೆ ಹಿಡಿದ ಕಾಗದ ನೀಲಿಯಾಯಿತು. ಲಿಟ್ಮಸ್ ಹಳೇದು ಎಂದಳು. ಹೊಸ ಡಬ್ಬಿ ಒಡೆದು ಕೊಟ್ಟೆ. ಮತ್ತೆ ಒಂದೇ. ಅವಳು ಬೋರ್ಡಿನ ಹತ್ತಿರ ಹೋಗಿ ಪಿರೋಲ್, ಪಿರಿಡಿನ್‌ಗಳ ಎರಡು ರಿಂಗು ಬರೆದು ಎಲೆಕ್ಟ್ರಾನ್ ಎಣಿಸತೊಡಗಿದಳು.

ಕೊನೆಗೆ ನಿಧಾನವಾಗಿ ತಿರುಗಿದಳು. "ಮೇಡಂ, ರಿಂಗು ಗಟ್ಟಿಯಾಗಿ ನಿಲ್ಲಕ್ಕೆ ಆರು ಎಲೆಕ್ಟ್ರಾನ್ ಬೇಕು. ಪಿರೋಲ್‌ನಲ್ಲಿ ನಾಲ್ಕು ಕಾರ್ಬನ್ ನಾಲ್ಕು ಕೊಡ್ತವೆ. ಮಿಕ್ಕ ಎರಡು ನೈಟ್ರೋಜನ್ನಿನ ಎಲೆಕ್ಟ್ರಾನ್ ಜೋಡಿಯಿಂದ ಬರಬೇಕು. ಅದನ್ನ ರಿಂಗಿಗೇ ಕೊಟ್ಬುಟ್ಟಿದೆ, ಆಸಿಡ್‌ಗೆ ಕೊಡಕ್ಕೆ ಏನೂ ಉಳಿದಿಲ್ಲ. ಪಿರಿಡಿನ್‌ನಲ್ಲಿ ಐದು ಕಾರ್ಬನ್ನು, ನೈಟ್ರೋಜನ್ನು ಒಂದೊಂದೇ ಕೊಟ್ಟರೂ ಆರಾಯ್ತು. ಅದರ ಜೋಡಿ ಹೊರಗಡೆ ಸುಮ್ನೆ ಕೂತಿದೆ, ಆಸಿಡ್‌ಗೆ ಕೊಡಬೌದು, ಅದಕ್ಕೇ ಅದು ಬೇಸ್."

ಹೌದು ಕಣೇ ಅಂದೆ. ನೀಲಿ ಮಾಡಿದ ಬಾಟಲಿ ಪಿರಿಡಿನ್ ಎಂದು ಗೊತ್ತಾಯಿತು.

ಉಳಿದ ಎರಡನ್ನು ಬೇರ್ಪಡಿಸಲು ಹಳೆಯ ಪರೀಕ್ಷೆಯೊಂದಿದೆ. ಪೈನ್ ಮರದ ಚೂರನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ಆವಿಗೆ ಹಿಡಿದರೆ, ಪಿರೋಲ್‌ಗೆ ಕೆಂಪು, ಫ್ಯುರಾನ್‌ಗೆ ಹಸಿರು. ಪೈನ್ ಮರ ಎಲ್ಲಿಂದ ತರೋದು ಎಂದು ನಾನು ಯೋಚಿಸುತ್ತಿರುವಾಗ ಅಟೆಂಡರ್ ಸ್ಟೋರಿಗೆ ಹೋಗಿ ಒಂದು ಹಲಗೆ ತಂದರು. ಯಾವುದೋ ಕಾಲದಲ್ಲಿ ತಕ್ಕಡಿ ಬಂದಿದ್ದ ಪೆಟ್ಟಿಗೆಯದಂತೆ. ಸೀಳಿದಾಗ ರಾಳದ ವಾಸನೆ ಬಂತು. ಒಂದು ಚೂರು ಕೆಂಪಗೆ ಹೊಳೆಯಿತು, ಇನ್ನೊಂದು ಹಸಿರಾಯಿತು. ಹುಡುಗರು ಅಟೆಂಡರ್‌ಗೆ ಚಪ್ಪಾಳೆ ತಟ್ಟಿದರು. ಅವರು ನಾಚಿಕೊಂಡು ಕಿಟಕಿ ಒರೆಸಲು ಹೋದರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬ್ರೋಮಿನ್ ನೀರಲ್ಲೂ ನೋಡೋಣ ಎಂದು ಮಕ್ಕಳೇ ಹಟ ಹಿಡಿದರು. ಆವಿ ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೆ ಹನಿ ಹಾಕಿಸಿದೆ. ಪಿರೋಲ್ ಬಿದ್ದ ಕೂಡಲೇ ಬ್ರೋಮಿನ್‌ನ ಕಿತ್ತಳೆ ಬಣ್ಣ ಮಾಯವಾಯಿತು. ಫ್ಯುರಾನ್‌ನಲ್ಲೂ ಬೇಗನೆ ಹೋಯಿತು. ಆಸಿಡ್ ಬೆರೆಸಿದ ಪಿರಿಡಿನ್‌ನಲ್ಲಿ ಮಾತ್ರ ಬಣ್ಣ ಹಾಗೇ ಉಳಿಯಿತು.

ಸದ್ದು ಕೇಳಿ ನಮ್ಮ ಎಚ್.ಓ.ಡಿ. ಬಾಗಿಲಲ್ಲಿ ಬಂದು ನಿಂತರು. ಗದರುತ್ತಾರೆ ಎಂದುಕೊಂಡೆ. ಅವರು ಆ ಹುಡುಗಿಯನ್ನೇ ನೋಡಿ, ಬ್ರೋಮಿನ್ ಜೊತೆ ಮೂರೂ ಬೇರೆ ಬೇರೆ ಥರ ಯಾಕೆ ಎಂದು ಕೇಳಿದರು. ಅವಳು ತಡವರಿಸಲಿಲ್ಲ. ಪಿರೋಲ್‌ನ ನೈಟ್ರೋಜನ್ ಜೋಡಿ ಕೊಟ್ಟು ರಿಂಗನ್ನು ತುಂಬಿಸಿದೆ, ಎಲೆಕ್ಟ್ರಾನ್ ಹುಡುಕಿಕೊಂಡು ಬರುವ ಬ್ರೋಮಿನ್‌ಗೆ ಅಲ್ಲಿ ಬೇಕಾದಷ್ಟು ಸಿಗುತ್ತದೆ. ಫ್ಯುರಾನ್‌ನ ಆಕ್ಸಿಜನ್ ಕೊಡುವುದರಲ್ಲಿ ಸ್ವಲ್ಪ ಜಿಪುಣ, ಅದಕ್ಕೆ ಎರಡನೇ ಸ್ಥಾನ. ಪಿರಿಡಿನ್‌ನ ನೈಟ್ರೋಜನ್ ರಿಂಗಿನಿಂದ ತನ್ನ ಕಡೆಗೇ ಎಳೆದುಕೊಳ್ಳುತ್ತದೆ, ಆಸಿಡ್ ಇದ್ದರೆ ಪ್ಲಸ್ ಚಾರ್ಜೂ ಬರುತ್ತದೆ, ಹಾಗಾಗಿ ಪ್ಲಸ್ ಆಗಿ ಬರುವ ಬ್ರೋಮಿನ್ ಹತ್ತಿರಕ್ಕೇ ಬರುವುದಿಲ್ಲ.

ಎಚ್.ಓ.ಡಿ. ನಕ್ಕು, "ಇವಳೇ ಇನ್ನು ಪಾಠ ಮಾಡ್ಲಿ, ನಾವು ಮನೆಗೆ ಹೋಗೋಣ ಬನ್ನಿ" ಎಂದರು.

ಮೂರು ಹೊಸ ಲೇಬಲ್‌ಗಳನ್ನು ಅವಳೇ ಬರೆದಳು. ಈ ಸಲ ಪೆನ್ಸಿಲ್ಲಿನಲ್ಲಿ ಬರೆದು, ಮೇಲೆ ಸೆಲ್ಲೋಟೇಪ್ ಅಂಟಿಸಿದಳು. ಆಮೇಲೆ ಹಿಂದಿನ ಟೆಸ್ಟಿನ ಅಂಕ ವಾಪಸ್ ಕೊಡ್ತೀರಾ ಎಂದು ಕೇಳಿದಳು. ಕೊಡಲ್ಲ ಅಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.