ಬಂದು, ಬಂದ ಮೇಲೆ

ಅಪ್ಪ ತೀರಿಕೊಂಡ ಹದಿನೈದನೇ ದಿನ ನಾನು ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಕುದೇರಿನಿಂದ ಹೊರಟೆ. ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ ಹತ್ತಿ ತೆರಕಣಾಂಬಿಯಲ್ಲಿ ಇಳಿದೆ. ಮನೆಯಲ್ಲಿ ಗೊಣಗಿದರು. ನನಗೇನೂ ಅನ್ನಿಸಲಿಲ್ಲ. ಹೆಣದ ಮುಂದೆಯೂ ಅಳು ಬಂದಿರಲಿಲ್ಲ. ಓದಿದವಳ ಗಟ್ಟಿತನ ಅಂದರು ನೆಂಟರು, ನಾನೂ ನಂಬಿಬಿಟ್ಟೆ. ಎಂ.ಫಿಲ್ ಪ್ರಬಂಧದ ಒಂದು ಅಧ್ಯಾಯ ಅರ್ಧಕ್ಕೆ ನಿಂತಿತ್ತು.

ಎರಡು ಕ್ರಿಯೆಗಳನ್ನು ಒಂದೇ ವಾಕ್ಯದಲ್ಲಿ ಪೋಣಿಸುವಾಗ ಕರ್ತೃ ಒಬ್ಬರೇನಾ, ಬೇರೆ ಬೇರೆನಾ ಎಂಬುದು ಹೇಗೆ ತಿಳಿಯುತ್ತದೆ ಅನ್ನುವುದೇ ನನ್ನ ವಿಷಯ. ಕೆಲವು ಭಾಷೆಗಳಲ್ಲಿ ಇದಕ್ಕೆಂದೇ ಕ್ರಿಯಾಪದಕ್ಕೆ ಎರಡು ಬಗೆಯ ಪ್ರತ್ಯಯಗಳಿವೆ: ಒಂದು ಹಚ್ಚಿದರೆ ಮುಂದಿನ ಕೆಲಸವೂ ಅವನದೇ, ಇನ್ನೊಂದು ಹಚ್ಚಿದರೆ ಬೇರೆಯವನದು. ಕನ್ನಡದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಆದರೂ ‘ಬಂದು ಉಂಡೆ’ ಅಂದರೆ ಬಂದವಳೂ ಉಂಡವಳೂ ನಾನೇ.

ಪ್ರಬಂಧಕ್ಕೆ ಆಡುಮಾತಿನ ವಾಕ್ಯಗಳನ್ನು ಹೇಳಿಕೊಡುತ್ತಿದ್ದ ಅಜ್ಜಿ ನಮ್ಮೂರಿನಿಂದ ತೆರಕಣಾಂಬಿಗೆ ಮದುವೆಯಾಗಿ ಹೋದವರು. ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಕೂತಿದ್ದರು. ಸರಿಯೋ ತಪ್ಪೋ ಎಂದು ಅವರನ್ನು ಕೇಳಬೇಕಾದ ವಾಕ್ಯಗಳ ಪಟ್ಟಿ ಹಾಸ್ಟೆಲಿನಲ್ಲಿ ಬರೆದದ್ದು, ಅಪ್ಪ ಇದ್ದಾಗ. ಹೆಸರುಗಳು ಬೇಡವೆಂದು ಎಲ್ಲಾ ಕಡೆ ‘ಅಪ್ಪ’ ಎಂದೇ ಹಾಕಿದ್ದೆ.

“ಅಪ್ಪ ಬಂದು ನಾನು ಉಂಡೆ,” ಎಂದು ಓದಿದೆ. ದನಿ ನಡುಗಲಿಲ್ಲ.

“ಅಂಗನ್ಬಾರ್ದು ಕಣ್ ಕೂಸೇ. ಅಪ್ಪ ಬಂದ್ಮೇಲೆ ಉಂಡೆ ಅನ್ಬೇಕು.”

ತಪ್ಪು ವಾಕ್ಯವೆಂದು ನಕ್ಷತ್ರದ ಗುರುತು ಹಾಕಿಕೊಂಡೆ.

“ಮಳೆ ಉಯ್ದು ಕೆರೆ ತುಂಬ್ತು?”

“ಅದಾಯ್ತದೆ.”

ಸುರಿದದ್ದು ಮಳೆ, ತುಂಬಿದ್ದು ಕೆರೆ. ಆದರೆ ಒಂದರಿಂದಲೇ ಇನ್ನೊಂದು ಆದದ್ದು, ಯಾರೂ ಬೇಕೆಂದು ಮಾಡಿದ್ದಲ್ಲ. ಅಂಥ ಕಡೆ ನಿಯಮ ಸಡಿಲವಾಗುತ್ತದೆ. ನನ್ನ ಮಾರ್ಗದರ್ಶಕರು ಇದನ್ನು ಒಪ್ಪಿರಲಿಲ್ಲ. ಮಳೆ, ಕೆರೆ ಸಾಲದು, ಮನುಷ್ಯರಿರುವ ವಾಕ್ಯ ಬೇಕು, ಅದೂ ಆಡುವವರ ಬಾಯಿಂದ ತಾನಾಗಿ ಬಂದದ್ದು; ಇಲ್ಲದಿದ್ದರೆ ಅಧ್ಯಾಯ ಕೈಬಿಡು ಎಂದಿದ್ದರು. ಒಂದು ವರ್ಷದ ಓಡಾಟ ನೀರುಪಾಲಾಗುತ್ತಿತ್ತು.

“ಇಂಗೇ ಮನುಸ್ರ ಮ್ಯಾಲೆ ಒಂದು ಮಾತು ಯೋಳಿ ಅಜ್ಜಿ,” ಅಂದೆ.

ಅಜ್ಜಿ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

“ನಿಮ್ಮಪ್ಪ ಸತ್ತು ನೀನು ಕಲ್ಲಾಗೋಗಿದ್ದೀಯ ಕಣ್ ಕೂಸೇ.”

ಬರೆದುಕೊಂಡೆ. ಸತ್ತವರು ಒಬ್ಬರು, ಕಲ್ಲಾದವಳು ಇನ್ನೊಬ್ಬಳು. ಒಂದರಿಂದಲೇ ಇನ್ನೊಂದು ಆದದ್ದು. ಇಬ್ಬರೂ ಬೇಕೆಂದು ಮಾಡಿದ್ದಲ್ಲ. ನಕ್ಷತ್ರ ಹಾಕುವಂತಿಲ್ಲ, ವಾಕ್ಯ ಸರಿಯಾಗಿದೆ. ಅಧ್ಯಾಯ ಉಳಿಯಿತು ಅಂದುಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಪ್ರತಿ ವಾಕ್ಯವನ್ನೂ ಎರಡು ಸಲ ಹೇಳಿಸಿ ರೆಕಾರ್ಡ್ ಮಾಡುವುದು ನಮ್ಮ ಪದ್ಧತಿ.

“ಇನ್ನೊಂದ್ಸಲ ಯೋಳಿ ಅಜ್ಜಿ,” ಅಂದೆ.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು.

“ಇನ್ನೊಂದ್ಸಲ ನೀನೇ ಯೋಳು.”

“ನಮ್ಮಪ್ಪ ಸತ್ತು,” ಅಂದೆ. ಮುಂದಿನದನ್ನು ಹೇಳಲಾಗಲಿಲ್ಲ. ಆ ಕ್ಯಾಸೆಟ್ಟಿನಲ್ಲಿ ಆಮೇಲೆ ಇರುವುದೆಲ್ಲ ನನ್ನ ಅಳು.