ಮೂರನೇ ಓಣಿ, ಏಳನೇ ರ‍್ಯಾಕ್, ಎರಡನೇ ಅಂತಸ್ತು

ನನಗೆ ಕೋಪ ಮೂಗಿನ ತುದಿಯಲ್ಲೇ. ಭಾನುವಾರ ಚರ್ಚಿನಲ್ಲಿ ಮಂಡಿಯೂರಿ, ‘ಈ ವಾರ ಯಾರ ಮೇಲೂ ಕೂಗಾಡೋಲ್ಲ, ತಾಯಿ’ ಅಂತ ಮಾತು ಕೊಟ್ಟು ಬರುತ್ತೇನೆ. ಸೋಮವಾರ ಗೋಡೌನಿನ ಶಟರ್ ಎತ್ತುವಷ್ಟರಲ್ಲಿ ಆ ಮಾತು ಮುರಿದಿರುತ್ತದೆ. ಏನು ಮಾಡಲಿ, ನನ್ನ ಕೆಲಸವೇ ಅಂಥದ್ದು. ಉದಯಗಿರಿ ಕಡೆಯ ಒಂದು ಶೆಡ್ಡಿನಲ್ಲಿ ಬೈಕು, ಸ್ಕೂಟರುಗಳ ಬಿಡಿಭಾಗಗಳ ಸಗಟು ವ್ಯಾಪಾರ. ನಾನು ಅಲ್ಲಿನ ಸ್ಟೋರ್ ಇನ್‌ಚಾರ್ಜ್. ಮೆಕ್ಯಾನಿಕ್ಕುಗಳು ಫೋನಿನಲ್ಲಿ ಆರ್ಡರ್ ಕಳಿಸುತ್ತಾರೆ. ನಾವು ಸಾಮಾನು ಹುಡುಕಿ, ಡಬ್ಬಕ್ಕೆ ತುಂಬಿ, ಆಟೊ ಹತ್ತಿಸುತ್ತೇವೆ. ಇದರಲ್ಲಿ ತುಂಬುವುದು ಸುಲಭ, ಹತ್ತಿಸುವುದೂ ಸುಲಭ. ಪ್ರಾಣ ತೆಗೆಯುತ್ತಿದ್ದದ್ದು ಹುಡುಕುವುದು.

ಆ ದಿನಗಳಲ್ಲಿ ನಮ್ಮಲ್ಲಿ ಸಾಮಾನು ಹುಡುಕಬಲ್ಲವರು ಒಬ್ಬರೇ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಎಲ್ಲರೂ ಅವರನ್ನು ‘ಸ್ವಾಮ್ಯೋರು’ ಅನ್ನುತ್ತಿದ್ದರು. ಗೋಡೌನು ಶುರುವಾದಂದಿನಿಂದ ಇದ್ದವರು. ಯಾವ ಗಾಡಿಯ ಯಾವ ಕೇಬಲ್ ಎಲ್ಲಿದೆ ಅನ್ನುವುದು ಅವರ ತಲೆಯೊಳಗೆ. ಅವರು ರ‍್ಯಾಕುಗಳಿಗೆ ಇಟ್ಟಿದ್ದ ಹೆಸರುಗಳನ್ನು ಕೇಳಬೇಕು. ಮುಟ್ಟಿದರೆ ಕಿರುಗುಟ್ಟುವುದು ‘ಅತ್ತೆ ರ‍್ಯಾಕು’. ಬಾಗಿಲಲ್ಲೇ ನಿಂತು ದಾರಿಗೆ ಅಡ್ಡವಾಗುವುದು ‘ಅಳಿಯನ ರ‍್ಯಾಕು’. ಶಿವನ ಫೋಟೊ ಕೆಳಗಿನದು ‘ದೇವ್ರ ಪಕ್ಕದ್ದು’. ಹೊಸಬರು ಯಾರೇ ಬಂದರೂ ‘ಬ್ರೇಕ್ ಶೂ ಎಲ್ಲಿ ಸ್ವಾಮ್ಯೋರೆ?’ ಅಂತ ಅವರ ಹಿಂದೆ ಅಲೆಯಬೇಕು. ಅವರೋ, ಎಲೆಯಡಿಕೆ ಉಗುಳಿ ಬಂದು, ‘ಅತ್ತೆ ಹತ್ರ ಕೇಳು ಕಣಪ್ಪ’ ಅನ್ನಬೇಕು. ನಾಲ್ಕು ದಿನ ಹೀಗೆ ಆಟ ಆಡಿಸಿಕೊಂಡು ಹೊಸಬರು ಓಡಿಹೋಗುತ್ತಿದ್ದರು.

ಓಡಿಹೋಗದವಳು ಒಬ್ಬಳು ಬಂದಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ಹೆಣ್ಣುಮಗಳು. ಗಂಡನ ಕೈ ಮುರಿದು ಮನೆಯಲ್ಲಿ ಕೂತಿದ್ದ. ಈ ಕೆಲಸ ಕಾಯಂ ಆದರೆ ಮಾತ್ರ ಮನೆ ನಡೆಯುವುದು ಅಂತ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದಳು. ‘ಓದಕ್ಕೆ ಬತ್ತದೇನಮ್ಮ?’ ಅಂತ ಕೇಳಿದೆ. ‘ಅಕ್ಷರ ಬರಲ್ಲ ಅಕ್ಕ. ನಂಬರ್ ಬತ್ತದೆ. ನಂಬರ್ ಬರ್ದೆ ಇದ್ರೆ ಬಸ್ಸು ಎಂಗೆ ಅತ್ತೋದು?’ ಅಂದಳು. ನನಗೆ ಅವಳ ಬಾಯಿ ಇಷ್ಟವಾಯಿತು. ಗೋಡೌನಿನ ಯಜಮಾನರಾದ ಸಾಹುಕಾರರಿಗೆ ಆಗಲಿಲ್ಲ. ಓದಲು ಬರದವಳು ಪಾರ್ಟು ಹೇಗೆ ಗುರುತಿಸುತ್ತಾಳೆ ಅಂತ ಅವರ ತಕರಾರು. ‘ತಿಂಗಳು ನೋಡೋಣ, ಆಗ್ಲಿಲ್ಲ ಅಂದ್ರೆ ಕಳಿಸ್ಬುಡಿ’ ಅಂದರು.

ಅವಳ ಬಸ್ಸಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ದಟ್ಟಗಳ್ಳಿಯಲ್ಲಿ ನಮ್ಮ ಮನೆಗೆ ಪೋಸ್ಟ್‌ಮ್ಯಾನ್ ಬರುತ್ತಾನಲ್ಲ, ಅವನು ಯಾವ ಅತ್ತೆಯನ್ನು ಕೇಳಿಕೊಂಡು ಬರುತ್ತಾನೆ? ಕ್ರಾಸು, ಮನೆ ನಂಬರು, ಮಹಡಿ, ಅಷ್ಟೇ ತಾನೆ? ಹಾಗಾದರೆ ಬ್ರೇಕ್ ಶೂಗೂ ಒಂದು ವಿಳಾಸ ಕೊಡೋಣ ಅಂತ ಹೊರಟೆ. ರ‍್ಯಾಕುಗಳ ನಡುವಿನ ನಾಲ್ಕು ಓಣಿಗಳಿಗೆ ಶಟರ್ ಕಡೆಯಿಂದ ಒಂದು, ಎರಡು, ಮೂರು, ನಾಲ್ಕು. ಪ್ರತಿ ಓಣಿಯ ಎರಡೂ ತುದಿಗೆ ದೊಡ್ಡ ಅಂಕೆಯ ಬೋರ್ಡು, ಯಾವ ಕಡೆಯಿಂದ ಬಂದರೂ ಕಾಣಬೇಕು. ಓಣಿಯೊಳಗೆ ಎಡಗಡೆಯ ರ‍್ಯಾಕುಗಳಿಗೆ ಬೆಸಸಂಖ್ಯೆ, ಬಲಗಡೆಯವಕ್ಕೆ ಸಮಸಂಖ್ಯೆ. ಅಂತಸ್ತನ್ನು ಎಣಿಸುವುದು ನೆಲದಿಂದ ಮೇಲಕ್ಕೆ. ಸ್ವಾಮ್ಯೋರು ಮೇಲಿನಿಂದ ಎಣಿಸಬೇಕು ಅಂದರು. ನಾಳೆ ತಲೆಯ ಮೇಲೆ ಇನ್ನೊಂದು ಹಲಗೆ ಹಾಕಿದರೆ ಕೆಳಗಿನ ನಂಬರೆಲ್ಲ ಬದಲಾಗುತ್ತವೆ ಅಂತ ನಾನು ಒಪ್ಪಲಿಲ್ಲ. ಮೂರನೇ ಓಣಿ, ಏಳನೇ ರ‍್ಯಾಕ್, ಎರಡನೇ ಅಂತಸ್ತು ಅಂದರೆ 3-07-2. ಅಕ್ಷರವೇ ಬೇಡ. ಆ ನಂಬರನ್ನೇ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಪ್ರತಿ ಪಾರ್ಟಿನ ಮುಂದೆ ಹಾಕಿದೆ. ಆರ್ಡರ್ ಬಂದಾಗ ಸ್ಲಿಪ್ಪಿನಲ್ಲಿ ಅದೂ ಅಚ್ಚಾಗಿ ಬರುವಂತಾಯಿತು.

ಸ್ಟಿಕ್ಕರುಗಳು ಬಂದವು. ಮೊದಲೆರಡು ಓಣಿಗೆ ನಾನು ಅಂಟಿಸಿದೆ. ಉಳಿದೆರಡನ್ನು ಸ್ವಾಮ್ಯೋರು ಗೊಣಗಿಕೊಂಡೇ ಅಂಟಿಸಿದರು. ‘ಇಷ್ಟು ವರ್ಷ ಸ್ಟಿಕ್ಕರ್ ಇಲ್ದೆ ಗೋಡೌನ್ ನಡೀಲಿಲ್ವ ಕಣಮ್ಮ?’ ಅಂದರು. ‘ನಡೀತು ಸ್ವಾಮ್ಯೋರೆ, ಕುಂಟ್ಕೊಂಡು ನಡೀತು’ ಅಂದೆ.

ಆಮೇಲಿನ ವಾರ ನನ್ನ ಮಾನ ಹರಾಜಾಯಿತು. ಹೊಸ ಹುಡುಗಿ ತೆಗೆದ ಸಾಮಾನು ಕೆಲವು ಸಲ ಸರಿ, ಕೆಲವು ಸಲ ತಪ್ಪು. ಕ್ಲಚ್ ಪ್ಲೇಟ್ ಕೇಳಿದವನಿಗೆ ಏರ್ ಫಿಲ್ಟರ್ ಹೋಯಿತು. ಚೈನ್ ಸೆಟ್ ಕೇಳಿದವನಿಗೆ ಇಂಡಿಕೇಟರ್ ಹೋಯಿತು. ಅವನು ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಸಾಹುಕಾರರು ಒಳಗೆ ಬಂದು, ಅವಳ ಎದುರಿಗೇ, ‘ಇನ್ನೊಂದು ಪಾರ್ಸಲ್ ತಪ್ಪು ಹೋದ್ರೆ ಈಯಮ್ಮನ್ನ ನಾಳೆಯಿಂದ ಬರ್ಬೇಡ ಅನ್ನಿ’ ಅಂದರು. ಸ್ವಾಮ್ಯೋರು ಮೀಸೆಯೊಳಗೇ ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

ಆ ಹುಡುಗಿ ಅಳಲಿಲ್ಲ. ‘ಅಕ್ಕ, ಸ್ಲಿಪ್ಪಲ್ಲಿ ಏನು ನಂಬರ್ ಐತೋ ಅದನ್ನೇ ನೋಡಿ ತೆಗ್ದೆ. ನೀವೇ ಬಂದು ನೋಡಿ’ ಅಂತ ನನ್ನ ಕೈಹಿಡಿದು ಎಳೆದಳು. ಒಂದನೇ ಓಣಿಗೆ ಹೋದೆವು, ಎರಡನೆಯದಕ್ಕೂ ಹೋದೆವು. ನಾನು ಹೇಳಿದ ನಂಬರು, ಅವಳು ಮುಟ್ಟಿದ ಡಬ್ಬ, ಎಲ್ಲ ಸರಿ. ಮೂರನೆಯದಕ್ಕೆ ಬಂದೆವು. 3-07-2 ಅಂದೆ. ಅವಳು ಸ್ಟಿಕ್ಕರ್ ಹುಡುಕಿ, ಅದರ ಮೇಲಿನ ಹಲಗೆಗೆ ಕೈಹಾಕಿದಳು. ಅಲ್ಲಿ ಇದ್ದದ್ದು ಏರ್ ಫಿಲ್ಟರ್. ಕ್ಲಚ್ ಪ್ಲೇಟು ಸ್ಟಿಕ್ಕರಿನ ಕೆಳಗಿನ ಹಲಗೆಯಲ್ಲಿ ಹಾಯಾಗಿ ಕೂತಿತ್ತು.

‘ಸ್ವಾಮ್ಯೋರೇ!’ ಅಂತ ನಾನು ಕೂಗಿದ್ದು ಸಿದ್ಧಾರ್ಥನಗರದವರೆಗೂ ಕೇಳಿಸಿರಬೇಕು. ಓಡಿಬಂದರು. ‘ಸ್ಟಿಕ್ಕರ್ ಎಲ್ಲಿ ಅಂಟ್ಸಿದ್ದೀರ ನೀವು?’

‘ಮೇಲೆ ಕಣಮ್ಮ. ಬೋರ್ಡು ಅಂದ್ಮೇಲೆ ಬಾಗ್ಲ ಮೇಲೆ ತಾನೆ ಇರ್ಬೇಕು? ಮನೆ ಹೆಸರನ್ನ ಹೊಸಿಲಿಗೆ ಯಾರಾದ್ರೂ ಬರೀತಾರಾ?’

ರ‍್ಯಾಕಿನ ಪ್ರತಿ ಅಡ್ಡಪಟ್ಟಿಗೂ ಮೇಲೊಂದು ಅಂತಸ್ತು, ಕೆಳಗೊಂದು ಅಂತಸ್ತು. ನಾನು ಕಿರಾಣಿ ಅಂಗಡಿಯ ಬೆಲೆಚೀಟಿಯ ಹಾಗೆ ಸಾಮಾನಿನ ಕೆಳಗಿನ ಪಟ್ಟಿಗೆ ಅಂಟಿಸಿದ್ದೆ. ಅವರು ಮನೆಯ ಹೆಸರಿನ ಹಾಗೆ ಸಾಮಾನಿನ ಮೇಲಿನ ಪಟ್ಟಿಗೆ ಅಂಟಿಸಿದ್ದರು. ಅವರಿಗೆ ಸಾಮಾನು ಕಣ್ಣು ಮುಚ್ಚಿದರೂ ಸಿಗುತ್ತಿತ್ತು, ಸ್ಟಿಕ್ಕರ್ ನೋಡುವ ಅಗತ್ಯವೇ ಇರಲಿಲ್ಲ. ನೋಡಬೇಕಾಗಿದ್ದವಳು ಒಬ್ಬಳೇ, ಪೆಟ್ಟು ತಿಂದವಳೂ ಅವಳೇ.

ಆ ಎರಡು ಓಣಿಗಳ ಸ್ಟಿಕ್ಕರುಗಳನ್ನೂ ಕಿತ್ತು ಹೊಸದಾಗಿ ಮಾಡಿದೆವು. ಒಂದೇ ನಿಯಮ: ಸ್ಟಿಕ್ಕರ್ ಸಾಮಾನಿನ ಕೆಳಗೆ, ಪಕ್ಕದಲ್ಲಿ ಮೇಲಕ್ಕೆ ತೋರಿಸುವ ಬಾಣ. ನೆಲದ ಮೇಲೆ ಇಟ್ಟ ಸಾಮಾನಿಗೆ ಕೆಳಗೆ ಪಟ್ಟಿಯೇ ಇಲ್ಲವಲ್ಲ. ಅದರ ಸ್ಟಿಕ್ಕರನ್ನು ಮೊದಲ ಪಟ್ಟಿಗೆ ಅಂಟಿಸಿ, ಬಾಣವನ್ನು ಕೆಳಕ್ಕೆ ತಿರುಗಿಸಿದೆವು. ಒಂದೇ ಪಟ್ಟಿಯಲ್ಲಿ ಎರಡು ಬಾಣ ಬಂದು ಮತ್ತೆ ಗೊಂದಲ ಆಗಬಾರದು ಅಂತ ಪ್ರತಿ ಅಂತಸ್ತಿಗೂ ಒಂದೊಂದು ಬಣ್ಣ. ನೆಲದ್ದು ಹಳದಿ, ಎರಡನೆಯದು ಹಸಿರು, ಹಾಗೇ ಮೇಲಕ್ಕೆ. ಗೋಡೌನಿನ ಯಾವ ಮೂಲೆಗೆ ಹೋದರೂ ಹಸಿರು ಅಂದರೆ ಎರಡನೇ ಅಂತಸ್ತೇ. ಬಣ್ಣದ ಉಪಾಯ ಹುಡುಗಿಯದು, ನನ್ನದಲ್ಲ.

ಮುಗಿದ ಮೇಲೆ ನೇರವಾಗಿ ಸಾಹುಕಾರರ ಮೇಜಿನ ಮುಂದೆ ನಿಂತೆ. ‘ಸಾರ್, ತಪ್ಪು ಅವಳದ್ದಲ್ಲ, ನಮ್ಮಿಬ್ಬರದ್ದು. ಒಂದೇ ಆರ್ಡರನ್ನ ಅವಳೂ ತೆಗೀಲಿ, ಸ್ವಾಮ್ಯೋರೂ ತೆಗೀಲಿ. ನೀವೇ ನಿಂತು ನೋಡಿ. ಅವಳು ಸೋತ್ರೆ ಅವಳ ಜೊತೆ ನಾನೂ ಮನೆಗೆ ಹೋಗ್ತೀನಿ’ ಅಂದೆ. ಹೇಳಿದ ಮೇಲೆ ಅತಿಯಾಯಿತೇನೋ ಅನ್ನಿಸಿತು. ಆದರೆ ಆಡಿದ ಮಾತು, ಒಡೆದ ಮುತ್ತು. ಸಾಹುಕಾರರು ಕನ್ನಡಕ ಸರಿಮಾಡಿಕೊಂಡು ಎದ್ದರು.

ಎರಡು ಟ್ರೇ ಇಟ್ಟೆವು. ಸ್ವಾಮ್ಯೋರು ಮೆಕ್ಯಾನಿಕ್ ಬರೆದು ಕಳಿಸಿದ್ದ ಉದ್ದನೆಯ ಪಟ್ಟಿಯನ್ನೇ ಕೇಳಿ ಪಡೆದರು. ಹುಡುಗಿಗೆ ಕಂಪ್ಯೂಟರಿನ ಸ್ಲಿಪ್. ಸ್ವಾಮ್ಯೋರು ಪಂಚೆ ಮೇಲಕ್ಕೆ ಕಟ್ಟಿ ಹೊರಟರು ನೋಡಿ, ಅಬ್ಬಾ, ಆ ವಯಸ್ಸಿಗೆ ಏನು ಓಟ! ಅವರ ಕೈ ಎಲ್ಲಿಯೂ ತಡವರಿಸಲಿಲ್ಲ. ಇವಳೋ ಬೆರಳನ್ನು ನಂಬರಿನ ಮೇಲಿಟ್ಟುಕೊಂಡು, ಬೋರ್ಡು ನೋಡಿ, ರ‍್ಯಾಕು ನೋಡಿ, ಬಣ್ಣ ನೋಡಿ, ನಿಧಾನವಾಗಿ. ಕೆಟ್ಟೆವು ಅಂದುಕೊಂಡು ಕುತ್ತಿಗೆಯ ಶಿಲುಬೆಯನ್ನು ಹಿಡಿದುಕೊಂಡೆ.

ಅರ್ಧ ಪಟ್ಟಿಗೆ ಬರುವಷ್ಟರಲ್ಲಿ ನನಗೆ ಗೊತ್ತಾಯಿತು. ಮೆಕ್ಯಾನಿಕ್ ತನಗೆ ನೆನಪಾದ ಹಾಗೆ ಬರೆದಿದ್ದ. ಸ್ವಾಮ್ಯೋರು ನಾಲ್ಕನೇ ಓಣಿಗೆ ಹೋಗಿ, ಒಂದನೆಯದಕ್ಕೆ ಬಂದು, ಮತ್ತೆ ನಾಲ್ಕಕ್ಕೆ ಓಡುತ್ತಿದ್ದರು. ಅವಳ ಸ್ಲಿಪ್ಪಿನಲ್ಲಿ ಸಾಮಾನು ವಿಳಾಸದ ಕ್ರಮದಲ್ಲಿತ್ತು. ಎಡಕ್ಕೊಂದು, ಬಲಕ್ಕೊಂದು ತೆಗೆಯುತ್ತ ಓಣಿಯಿಂದ ಓಣಿಗೆ ದಾಟುತ್ತಿದ್ದಳು. ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಸ್ವಾಮ್ಯೋರು ‘ಅಳಿಯ’ನ ಹತ್ತಿರ ಏದುಸಿರು ಬಿಡುತ್ತಿದ್ದಾಗ ಅವಳು ಟ್ರೇ ತಂದು ಸಾಹುಕಾರರ ಮುಂದೆ ಇಟ್ಟಳು. ‘ಆಯ್ತು’ ಅಂದಳು.

ಬೇಗ ಬಂದರೆ ಸಾಲದು, ಸರಿಯಾಗಿರಬೇಕಲ್ಲ. ಸಾಹುಕಾರರಿಗೆ ಕ್ಲಚ್ ಕೇಬಲ್ಲಿಗೂ ಬ್ರೇಕ್ ಕೇಬಲ್ಲಿಗೂ ವ್ಯತ್ಯಾಸ ಗೊತ್ತಿಲ್ಲ. ಅದನ್ನು ಹೇಳಬಲ್ಲವರು ಸ್ವಾಮ್ಯೋರು ಮಾತ್ರ. ಅವರು ತಮ್ಮ ಟ್ರೇ ಬದಿಗಿಟ್ಟು, ಅವಳ ಟ್ರೇಯಿಂದ ಒಂದೊಂದೇ ಪಾರ್ಟನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಹುಡುಗಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಒಂದು ಸುಳ್ಳು ಸಾಕಾಗಿತ್ತು ಮುದುಕರಿಗೆ.

ಕೊನೆಯ ಬೇರಿಂಗನ್ನು ಕೆಳಗಿಟ್ಟು ಸ್ವಾಮ್ಯೋರು ಕೈ ಒರೆಸಿಕೊಂಡರು. ‘ಒಂದೂ ತಪ್ಪಿಲ್ಲ ಸಾವ್ಕಾರ್ರೆ. ನಾನು ತೆಗ್ದಿದ್ರೂ ಇದೇ ತೆಗೀತಿದ್ದೆ. ನಂಗಿಂತ ಬೇಗ ತೆಗ್ದವ್ಳೆ. ಶಿವನಾಣೆ, ಗೆದ್ಬುಟ್ಲು ಕಣ್ರೀ ಇವ್ಳು!’

ನಾನು ಕೂಗಿದೆನೋ, ಕುಣಿದೆನೋ ನೆನಪಿಲ್ಲ. ಪ್ಯಾಕಿಂಗಿನವರೆಲ್ಲ ಎದ್ದು ಬಂದದ್ದು ನೆನಪಿದೆ. ಸಾಹುಕಾರರು ‘ಕೆಲ್ಸ ಕಾಯಂ ಕಣಮ್ಮ’ ಅಂದರು. ಅವಳು ಅವರಿಗೆ ಕೈಮುಗಿದು, ಸೀದಾ ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಬದುಕಿನಲ್ಲಿ ಅಷ್ಟು ಹೆಮ್ಮೆ ನನಗೆ ಮಗಳ ಮದುವೆಯ ದಿನವೂ ಆಗಿರಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಸ್ವಾಮ್ಯೋರು ಗಂಟಲು ಸರಿಮಾಡಿಕೊಂಡರು. ‘ಹಂಗಾದ್ರೆ ಸಾವ್ಕಾರ್ರೆ, ಸೋಮವಾರ ನಂಗೆ ರಜ.’ ಸಾಹುಕಾರರು ಬೆಚ್ಚಿಬಿದ್ದರು. ಹಬ್ಬವಲ್ಲದ ದಿನ ಸ್ವಾಮ್ಯೋರು ರಜ ಕೇಳಿದ್ದೇ ಇಲ್ಲ; ಅವರಿಲ್ಲದೆ ಗೋಡೌನು ನಿಂತುಹೋಗುತ್ತಿತ್ತು. ‘ಎಲ್ಲಿಗೆ?’ ಅಂತ ಕೇಳಿದೆ. ‘ಎಲ್ಲಿಗೂ ಇಲ್ಲ. ಮನೇಲಿ ಕಾಲು ಚಾಚ್ಕೊಂಡು ಮಲಗ್ತೀನಿ’ ಅಂದರು.

ಸೋಮವಾರ ನಿಜವಾಗಿಯೂ ಬರಲಿಲ್ಲ. ಮಧ್ಯಾಹ್ನ ಅವರ ಫೋನು ಬಂತು. ನಾನು ಸ್ಪೀಕರಿಗೆ ಹಾಕಿದೆ. ‘ಏನ್ರಮ್ಮ, ಗೋಡೌನ್ ನಡೀತಾ ಇದೆಯೋ, ಬಾಗ್ಲು ಹಾಕಿದ್ರೋ?’

ಹುಡುಗಿ ಎರಡನೇ ಓಣಿಯಲ್ಲಿ ಏಣಿಯ ಮೇಲಿದ್ದಳು. ಅಲ್ಲಿಂದಲೇ, ಕೈಯಲ್ಲಿದ್ದ ಸ್ಲಿಪ್ಪಿನಿಂದ ಕಣ್ಣು ಕೀಳದೆ, ಉತ್ತರ ಕೊಟ್ಟಳು: ‘ನಡೀತಾ ಐತೆ ತಾತ. ನೀವು ಮಲಕ್ಕಳಿ.’