ನನ್ನ ಹೆಂಡತಿಗೆ ನಾನು ಟೈಪು ಮಾಡಿದ ಸರ್ವಿಸ್ ಸರ್ಟಿಫಿಕೇಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ತಿಪಟೂರಿನ ಒಂದೇ ಎಣ್ಣೆ ಮಿಲ್ಲಿನಲ್ಲಿದ್ದೆವು. ನಾನು ಸಿಬ್ಬಂದಿ ವಿಭಾಗದ ಗುಮಾಸ್ತ. ನೇಮಕದ ಆರ್ಡರು, ರಜೆ, ಸರ್ಟಿಫಿಕೇಟು ಎಲ್ಲ ನನ್ನ ಮೇಜಿನ ಮೇಲೇ ಹಾದುಹೋಗಬೇಕಿತ್ತು. ಅವಳು ಮಾರಾಟ ವಿಭಾಗದ ಟೈಪಿಸ್ಟ್.

ಆ ವರ್ಷ ತುಮಕೂರಿನ ಸಹಕಾರಿ ಬ್ಯಾಂಕೊಂದು ಟೈಪಿಸ್ಟ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅದೇ ಬ್ಯಾಂಕಿಗೆ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಸಂದರ್ಶನದಿಂದ ಬರಿಗೈಯಲ್ಲಿ ವಾಪಸಾದವನು ನಾನು. ಈಗ ನನಗೆ ವಯೋಮಿತಿ ದಾಟಿತ್ತು, ಅವಳಿಗೆ ದಾಟಿರಲಿಲ್ಲ. ಮೂರು ವರ್ಷದ ಅನುಭವವಿದೆಯೆಂದು ಸರ್ಟಿಫಿಕೇಟು ಬೇಕು ಎಂದು ಅವಳು ಮನೆಯಲ್ಲಿ ಹೇಳಿದಾಗ, ಆಫೀಸಿನ ವಿಷಯ ಆಫೀಸಿನಲ್ಲಿ, ಅರ್ಜಿ ಬರೆದುಕೊಂಡು ಬಾ ಎಂದೆ.

ಮಾರನೆಯ ದಿನ ನಿಜವಾಗಿಯೂ ಬರೆದುಕೊಂಡು ಬಂದಳು. ಯಾವ ಹುದ್ದೆಗೆ, ಕೊನೆಯ ದಿನ ಯಾವುದು, ಮಿಲ್ಲಿನ ಲೆಟರ್‌ಹೆಡ್ಡಿನಲ್ಲಿ ಏನೇನಿರಬೇಕು, ಎಲ್ಲವೂ ಇತ್ತು: ಹುದ್ದೆ, ಕೆಲಸದ ಸ್ವರೂಪ, ಸೇರಿದ ದಿನಾಂಕ, ಈಗಲೂ ಸೇವೆಯಲ್ಲಿದ್ದಾರೆ ಎಂಬ ಮಾತು, ಮ್ಯಾನೇಜರ ಸಹಿ, ಮೊಹರು. ಒಂದೂ ತಪ್ಪಿಲ್ಲದ ಆ ಅರ್ಜಿ ನೋಡಿ ನನಗೆ ಮೈ ಉರಿಯಿತು.

ಅವಳ ಫೈಲಿನಲ್ಲಿ ಎರಡು ದಿನಾಂಕಗಳಿದ್ದವು. ಕೆಲಸಕ್ಕೆ ಸೇರಿದ್ದು ಜೂನ್‌ನಲ್ಲಿ, ಆರು ತಿಂಗಳ ಪ್ರೊಬೇಷನ್ ಮುಗಿದು ಖಾಯಂ ಆದದ್ದು ಡಿಸೆಂಬರಿನಲ್ಲಿ. ಜೂನ್‌ನಿಂದ ಎಣಿಸಿದರೆ ಮೂರು ವರ್ಷ ದಾಟುತ್ತಿತ್ತು, ಡಿಸೆಂಬರಿನಿಂದ ಎಣಿಸಿದರೆ ಸಾಲುತ್ತಿರಲಿಲ್ಲ. ನಾನು ಡಿಸೆಂಬರ್ ಎಂದು ಟೈಪು ಮಾಡಿದೆ. ಖಾಯಂ ಆದದ್ದು ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮ್ಯಾನೇಜರಿಗೆ ಕಳಿಸುವ ಮೊದಲು ಹೆಸರಿನ ಅಕ್ಷರ ಸರಿಯಿದೆಯೇ ನೋಡು ಎಂದು ಅವಳ ಕೈಗೆ ಕೊಟ್ಟೆ.

ಅವಳು ನಿಂತೇ ಓದಿದಳು. ಆಮೇಲೆ ದನಿ ತಗ್ಗಿಸಿ, "ನಾನು ಸೇರಿದ್ ದಿನ ನಿಮ್ಗೆ ಮರ್ತೋಯ್ತಾ? ಹಾಜರಿ ಪುಸ್ತಕದಾಗೆ ಮೊದಲ್ನೇ ಸೈನು ನೀವೇ ಅಲ್ವೇನ್ರೀ ಹಾಕ್ಸಿದ್ದು?" ಎಂದಳು.

ನಾನು ಅವಳ ಫೈಲು ಮುಚ್ಚಿಟ್ಟೆ.

"ನಿಮ್ಗೆ ಸಿಗ್ನಿಲ್ಲ ಅಂತ ನಂಗೂ ಬ್ಯಾಡ್ವಾ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳಿದ ಪ್ರಶ್ನೆ ಅದು. ಕಾಗದವನ್ನು ಹರಿದು, ಜೂನ್ ತಿಂಗಳ ದಿನಾಂಕ ಹಾಕಿ ಮತ್ತೆ ಟೈಪು ಮಾಡಿದೆ. ಸಂಜೆಯೊಳಗೆ ಮ್ಯಾನೇಜರ ಸಹಿಯೂ ಬಿತ್ತು.

ಅವಳಿಗೆ ಕೆಲಸ ಸಿಕ್ಕಿತು. ಸ್ವಲ್ಪ ದಿನಕ್ಕೆ, ಆ ಸರ್ಟಿಫಿಕೇಟು ನಿಜವೇ ಎಂದು ಕೇಳಿ ಬ್ಯಾಂಕಿನಿಂದ ಮಿಲ್ಲಿಗೆ ಪತ್ರ ಬಂತು. ನಿಜ ಎಂದು ಉತ್ತರ ಸಿದ್ಧಮಾಡಿ, ಸಹಿ ಮಾಡಿಸಿ, ಅಂದೇ ನಾನೇ ಅಂಚೆಗೆ ಹಾಕಿಬಂದೆ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಬೆಳಿಗ್ಗೆ ತುಮಕೂರಿನ ರೈಲಿಗೆ ಅವಳನ್ನು ಬಿಟ್ಟು ಮಿಲ್ಲಿನ ಕಡೆ ಸೈಕಲ್ ತುಳಿಯುವಾಗ, ಎಷ್ಟೋ ತಿಂಗಳು ಅದು ನನ್ನ ಜೊತೆಗೇ ಬರುತ್ತಿತ್ತು.